ಸಲಹೆ ನಮ್ಮದು, ಬೆಲೆ ಯಾರದು?

ಹವ್ಯಾಸಿ ನಾಟಕ ತಂಡ ಅಂತ ಒಂದು ಇದ್ದರೆ, ಆರು ತಿಂಗಳಿಗೊಮ್ಮೆ ಈ ಪ್ರಶ್ನೆ ಬಂದೇ ಬರುತ್ತೆ: "ಈ ಸಲ ಬೀದಿ ನಾಟಕ ಯಾವ ವಿಷಯದ ಮೇಲೆ ಮಾಡೋಣ?" ವಾಟ್ಸಾಪ್ ಗುಂಪಿನಲ್ಲಿ ಪಟ್ಟಿ ಬೆಳೆಯುತ್ತೆ. ಕಸ, ನೀರು, ಹೆಲ್ಮೆಟ್, ಲಂಚ, ಮಕ್ಕಳ ಮೊಬೈಲ್ ಹುಚ್ಚು. ನಾನಿರುವ ಒಂಬತ್ತು ಜನರ ತಂಡದಲ್ಲೂ ಹೀಗೇ. ವಾರವೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತು, ಭಾನುವಾರ ಪಾರ್ಕಿನಲ್ಲಿ ರಿಹರ್ಸಲ್ ಮಾಡುವ ಜನ ನಾವು. ಪಟ್ಟಿಯಲ್ಲಿ ಪ್ರತಿಸಲ ಗೆಲ್ಲುವುದು ಕಸ.

ಕಸದ ಮೇಲಿನ ಬೀದಿ ನಾಟಕ ನೀವೂ ನೋಡಿರ್ತೀರಿ. ಲುಂಗಿ ಉಟ್ಟ ಒಬ್ಬ ಕುಡುಕ, ಅಥವಾ ಬಾಯಿ ಜೋರಿನ ಒಬ್ಬ ಹೆಂಗಸು, ರಸ್ತೆಗೆ ಕಸ ಎಸೆಯುತ್ತಾರೆ. ಸೊಳ್ಳೆ ವೇಷ ಬರುತ್ತೆ, ಡೆಂಗಿ ಬರುತ್ತೆ. ಯಮಧರ್ಮರಾಯ ತಪ್ಪದೆ ಬರುತ್ತಾನೆ (ಹೆಲ್ಮೆಟ್ ನಾಟಕದಲ್ಲಿ ಮಿಕ್ಕ ಕಿರೀಟ ಇಲ್ಲಿ ಉಪಯೋಗಕ್ಕೆ ಬರುತ್ತೆ). ಕೊನೆಗೆ ಕಾಟನ್ ಕುರ್ತಾ ಹಾಕಿದ ವಿದ್ಯಾವಂತ ಯುವಕ ಎಲ್ಲರಿಗೂ ತಿಳಿ ಹೇಳುತ್ತಾನೆ. ಎಲ್ಲರೂ ಕೈಮೇಲೆತ್ತಿ ಘೋಷಣೆ ಕೂಗುತ್ತಾರೆ, ಜನ ಚಪ್ಪಾಳೆ ಹೊಡೆಯುತ್ತಾರೆ, ತಂಡದವರು ಮಸಾಲೆ ದೋಸೆ ತಿಂದು ಮನೆಗೆ ಹೋಗುತ್ತಾರೆ.

ಇದರಲ್ಲಿ ಏನು ತಪ್ಪು ಅಂತ ಕೇಳಬಹುದು. ನನ್ನ ತಕರಾರು ನಟನೆಯ ಬಗ್ಗೆ ಅಲ್ಲ, ನ್ಯಾಯದ ಬಗ್ಗೆ. ನಗೆಗೆ ಗುರಿಯಾಗುವವನು ಯಾವಾಗಲೂ ಸ್ಕ್ರಿಪ್ಟ್ ಬರೆಯುವಾಗ ನಮ್ಮ ಜೊತೆ ಕೂತಿಲ್ಲದವನು. ಬುದ್ಧಿ ಹೇಳುವವನು ಯಾವಾಗಲೂ ನಮ್ಮಂಥವನು. ಆದರೆ ಬೆಂಗಳೂರಿನ ಬೀದಿ ಕೊನೆಯಲ್ಲಿ ಕಪ್ಪು ಚೀಲ ಎಸೆದು ಹೋಗುವವರಲ್ಲಿ ಲುಂಗಿಯವರು ಎಷ್ಟು, ಕುತ್ತಿಗೆಗೆ ಐಡಿ ಕಾರ್ಡ್ ನೇತುಹಾಕಿಕೊಂಡವರು ಎಷ್ಟು? ಒಂದು ದಿನ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಯಾವುದಾದರೂ ಬ್ಲ್ಯಾಕ್ ಸ್ಪಾಟ್ ಹತ್ತಿರ ಸುಮ್ಮನೆ ನಿಂತು ನೋಡಿ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಚೀಲ ಇಟ್ಟುಕೊಂಡು ಬಂದು, ಗಾಡಿ ನಿಲ್ಲಿಸದೆಯೇ ಒದ್ದು ಬೀಳಿಸಿ ಹೋಗುವುದರಲ್ಲಿ ಒಂದು ಕಲೆ ಇದೆ.

ನಮ್ಮ ತಂಡ ಮಾಡಿದ್ದು ಅದನ್ನೇ. ಸ್ಕ್ರಿಪ್ಟ್ ಬರೆಯುವ ಮೊದಲು ಎರಡು ವಾರ, ಇಬ್ಬಿಬ್ಬರಂತೆ, ಬೆಳಿಗ್ಗೆ ಆರೂವರೆಗೆ ಒಂದು ಬೀದಿಯಲ್ಲಿ ನಿಂತೆವು. ಅಲ್ಲಿ ಕಂಡದ್ದು ಎರಡು ಸಂಗತಿ.

ಮೊದಲನೆಯದು, ಮೂಲೆಯಲ್ಲಿ ಕಸ ಬೀಳುವುದಕ್ಕೆ ಅಜ್ಞಾನ ಕಾರಣವಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡಬೇಕು ಅನ್ನೋದು ಬೆಂಗಳೂರಿನಲ್ಲಿ ಯಾರಿಗೂ ಹೊಸ ಸುದ್ದಿ ಅಲ್ಲ. 2012ರಲ್ಲಿ ಮಾವಳ್ಳಿಪುರದ ಜನ ಇನ್ನು ನಿಮ್ಮ ಕಸ ನಮ್ಮೂರಿಗೆ ಬೇಡ ಅಂತ ಕೂತಾಗ, ಊರು ತುಂಬ ರಾಶಿ ಬಿದ್ದು ನಾರಿದಾಗ, ಕಲಿತ ಪಾಠ ಅದು. ಆಮೇಲೆ ಮಂಡೂರಿನವರೂ ಅದನ್ನೇ ಹೇಳಿದರು. ಎಲ್ಲರಿಗೂ ಗೊತ್ತಿದೆ. ಆದರೆ ಆಟೋ ಬರುವುದು ಏಳೂಕಾಲಿಗೋ, ಒಂಬತ್ತಕ್ಕೋ, ಅದರ ಇಷ್ಟ. ರಾತ್ರಿ ಪಾಳಿ ಮುಗಿಸಿದವನು ಆಗ ಮಲಗಿರುತ್ತಾನೆ, ಬೆಳಗಿನ ಪಾಳಿಯವಳು ಕ್ಯಾಬ್ ಹತ್ತಿರುತ್ತಾಳೆ. ಗೇಟಿಗೆ ಚೀಲ ನೇತುಹಾಕಿದರೆ ನಾಯಿ ಎಳೆಯುತ್ತೆ, ಓನರ್ ಬೈತಾರೆ. ಮೂರು ದಿನ ಆಟೋ ತಪ್ಪಿದರೆ ಮನೆ ನಾರುತ್ತೆ. ನಾಲ್ಕನೇ ದಿನ ಚೀಲ ಸ್ಕೂಟರ್ ಏರುತ್ತೆ. ಅಂದರೆ ನಾಟಕದ ವಸ್ತು "ಕಸ" ಅಲ್ಲ. ಆಟೋ ಬರುವ ಹೊತ್ತು, ಮತ್ತು ಆ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ ಅನ್ನುವುದು.

ಎರಡನೆಯದು ನಮ್ಮನ್ನು ಹೆಚ್ಚು ಕಾಡಿದ್ದು. ಆಟೋದಲ್ಲಿ ಕಸ ತಗೊಳ್ಳುವ ಹುಡುಗ ಬೇರೆ, ಬೀದಿ ಗುಡಿಸುವ ಪೌರಕಾರ್ಮಿಕರು ಬೇರೆ. ನಮ್ಮಲ್ಲಿ ಅನೇಕರಿಗೆ ಇಬ್ಬರೂ ಒಂದೇ, "ಕಸದವರು". ಬೆರಕೆ ಕಸ ಬಂದರೆ ಹುಡುಗ ತಗೊಳ್ಳಬಾರದು, ಅದು ನಿಯಮ. ತಗೊಂಡರೆ ಡಯಾಪರ್, ಒಡೆದ ಗಾಜು, ನಿನ್ನೆಯ ಸಾಂಬಾರು ಎಲ್ಲವನ್ನೂ ಅವನೇ ಬರಿಗೈಯಲ್ಲಿ ಬಿಡಿಸಬೇಕು. ಆದ್ದರಿಂದ ಅವನು ಬೇಡ ಅಂದ. ಸರಿಯಾಗೇ ಅಂದ. ಹಾಗೆ ಬೇಡವಾದ ಚೀಲ ಸಂಜೆಗೆ ಮೂಲೆಯಲ್ಲಿ ಬಿತ್ತು. ಮರುದಿನ ಬೆಳಿಗ್ಗೆ ಮೇಸ್ತ್ರಿ ಬಂದು ಬೈದದ್ದು ಚೀಲ ಎಸೆದವನಿಗಲ್ಲ, ಬೇಡ ಅಂದವನಿಗೂ ಅಲ್ಲ, ಪೊರಕೆ ಹಿಡಿದವಳಿಗೆ. "ನಿನ್ ಬೀದಿ ಇದು, ಹಿಂಗಾ ಇಟ್ಕೊಳೋದು?"

ನಮ್ಮ ತಂಡದ ಒಬ್ಬರ ಹಳೇ ಸ್ಕ್ರಿಪ್ಟಿನಲ್ಲಿ ಕುರ್ತಾದ ಹುಡುಗ ಹೇಳುತ್ತಿದ್ದದ್ದು ಇಷ್ಟೇ: "ಬೆರಕೆ ಕಸವನ್ನು ತಿರಸ್ಕರಿಸಿ!" ಸಲಹೆ ಸರಿ, ಕಾನೂನು ಪ್ರಕಾರವೂ ಸರಿ. ಆದರೆ ಅದನ್ನು ಪಾಲಿಸಿದರೆ ಬೆಲೆ ತೆರುವವಳು ನಾಟಕದಲ್ಲೇ ಇರಲಿಲ್ಲ. ಅಲ್ಲಿಂದ ಈ ಪ್ರಶ್ನೆ ಶುರುವಾಯಿತು: ನಾವು ಬೀದಿಯಲ್ಲಿ ನಿಂತು ಒಂದು ಮಾತು ಹೇಳಿದಾಗ, ಅದರಂತೆ ನಡೆದರೆ ಕಳೆದುಕೊಳ್ಳುವವರು ಯಾರು? ನಾವೇನೂ ಕಳೆದುಕೊಳ್ಳದ ಮಾತನ್ನು ಇನ್ನೊಬ್ಬರಿಗೆ ಹೇಳುವ ಹಕ್ಕು ನಮಗೆ ಎಲ್ಲಿಂದ ಬಂತು?

ಇದು ಹೊಸ ಪ್ರಶ್ನೆ ಅಲ್ಲ. ಬ್ರೆಜಿಲ್‌ನ ಅಗಸ್ಟೋ ಬೋಆಲ್ ತಮ್ಮ ಯೌವನದ ಒಂದು ಘಟನೆ ಬರೆದಿದ್ದಾರೆ. ಆ ದೇಶದ ಈಶಾನ್ಯ ಭಾಗದ ಹಳ್ಳಿಗಳಲ್ಲಿ ಅವರ ತಂಡ ಭೂಮಿಗಾಗಿ ರಕ್ತ ಚೆಲ್ಲೋಣ ಅನ್ನುವಂಥ ನಾಟಕ ಆಡುತ್ತಿತ್ತು. ನಾಟಕ ಮುಗಿದ ಮೇಲೆ ವರ್ಜೀಲಿಯೊ ಅನ್ನುವ ರೈತ ಬಂದು, ಸರಿ, ನಿಮ್ಮ ಬಂದೂಕು ತಗೊಂಡು ಬನ್ನಿ, ನಮ್ಮ ಜಮೀನು ಕಿತ್ತುಕೊಂಡವನ ಆಳುಗಳನ್ನು ಓಡಿಸೋಣ ಅಂದ. ಇವರು ತಡವರಿಸಿದರು. ಇವು ನಾಟಕದ ಬಂದೂಕು, ಗುಂಡು ಹಾರಲ್ಲ. ಪರವಾಗಿಲ್ಲ, ನಮ್ಮಲ್ಲಿ ನಿಜವಾದವು ಇವೆ, ನೀವು ಬನ್ನಿ ಸಾಕು ಅಂದ ಅವನು. ನಾವು ಕಲಾವಿದರು, ರೈತರಲ್ಲ ಅಂತ ಇವರು ಹೇಳಬೇಕಾಯಿತು. ಹಾಗಾದರೆ ಚೆಲ್ಲೋಣ ಅಂದ ರಕ್ತ ನಮ್ಮದು ಮಾತ್ರ ಅನ್ನುವುದು ಅವನಿಗೆ ಅರ್ಥವಾಯಿತು. ತಾನು ಜೊತೆಗೆ ಎದುರಿಸಲು ತಯಾರಿಲ್ಲದ ಅಪಾಯಕ್ಕೆ ಇನ್ನೊಬ್ಬರನ್ನು ಕರೆಯುವ ನಾಟಕವನ್ನು ಬೋಆಲ್ ಅಲ್ಲಿಗೆ ಬಿಟ್ಟರು.

ನಮ್ಮ ದೇಶದಲ್ಲಿ ಹಾಗೆ ತಡವರಿಸದೆ ಬೆಲೆ ತೆತ್ತವರೂ ಇದ್ದಾರೆ. 1989ರ ಜನವರಿ 1ರಂದು ದೆಹಲಿ ಬಳಿಯ ಸಾಹಿಬಾಬಾದ್‌ನ ಝಂಡಾಪುರದಲ್ಲಿ 'ಹಲ್ಲಾ ಬೋಲ್' ಆಡುತ್ತಿದ್ದ ಸಫ್ದರ್ ಹಾಶ್ಮಿ ಮೇಲೆ ದಾಳಿ ಆಯಿತು, ಮರುದಿನ ಅವರು ತೀರಿಕೊಂಡರು. ಆ ದಾಳಿಯಲ್ಲಿ ರಾಮ್ ಬಹಾದ್ದೂರ್ ಅನ್ನುವ ಕಾರ್ಮಿಕನೂ ಸತ್ತ. ಹೆಸರು ನೆನಪಿರುವುದು ಬಹಳ ಕಡಿಮೆ ಜನಕ್ಕೆ. ನಮ್ಮಲ್ಲಿ 1975ರಲ್ಲಿ ಶುರುವಾದ ಸಮುದಾಯ, ಬಿಹಾರದ ಹತ್ಯಾಕಾಂಡದ ಮೇಲೆ 'ಬೆಲ್ಚಿ' ಆಡಿದಾಗ ಕೆಟ್ಟವನು ಯಾರು ಅನ್ನುವ ಬಗ್ಗೆ ಯಾರಿಗೂ ಗೊಂದಲ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಕಸದ ವಿಷಯ ಹಾಗಲ್ಲ. ಇಲ್ಲಿ ಕೆಟ್ಟವನು ನೋಡುವವರ ನಡುವೆಯೇ, ಹೆಚ್ಚಾಗಿ ನಮ್ಮ ತಂಡದಲ್ಲೇ, ಒಳ್ಳೇ ಮನುಷ್ಯನಾಗಿ ನಿಂತಿರುತ್ತಾನೆ.

ಬೋಆಲ್ ಆಮೇಲೆ ಕಂಡುಕೊಂಡ ದಾರಿ ಫೋರಂ ಥಿಯೇಟರ್. ಪಶ್ಚಿಮ ಬಂಗಾಳದ ಜನ ಸಂಸ್ಕೃತಿ ತಂಡ ಇದನ್ನು ದಶಕಗಳಿಂದ ಹಳ್ಳಿಗಳಲ್ಲಿ ಮಾಡುತ್ತಾ ಬಂದಿದೆ. ನಾಟಕ ಉತ್ತರ ಹೇಳುವುದಿಲ್ಲ. ಸಣ್ಣ ಕಥೆ ಸೋಲಿನಲ್ಲಿ ನಿಲ್ಲುತ್ತೆ. ಮತ್ತೆ ಮೊದಲಿನಿಂದ ಆಡುತ್ತಾರೆ, ಈ ಸಲ ನೋಡುವವರು ಯಾರಾದರೂ "ನಿಲ್ಲಿ" ಅಂತ ಕೂಗಿ, ಒಂದು ಪಾತ್ರದ ಜಾಗಕ್ಕೆ ತಾವೇ ಬಂದು ಬೇರೆ ಥರ ಮಾಡಿ ತೋರಿಸಬಹುದು. ನಡುವೆ ನಿಂತು ನಡೆಸುವವರನ್ನು ಬೋಆಲ್ ಜೋಕರ್ ಅಂತಾರೆ, ಇಸ್ಪೀಟಿನ ಜೋಕರ್ ಥರ ಯಾವ ಗುಂಪಿಗೂ ಸೇರದವನು. ನಾವು ಸೂತ್ರಧಾರ ಅಂತಲೇ ಕರೆದೆವು.

ನಮ್ಮ ನಾಟಕ ಹನ್ನೆರಡು ನಿಮಿಷದ್ದು, ಆರು ಪಾತ್ರ. ಏಳೂಕಾಲಿಗೆ ಆಟೋ ಬರುತ್ತೆ. ಬಾಡಿಗೆ ಹುಡುಗ ನಿದ್ದೆಗಣ್ಣಲ್ಲಿ ಓಡಿಬಂದು ಒಂದೇ ಚೀಲ ಕೊಡುತ್ತಾನೆ, ಆಟೋ ಹುಡುಗ ಬೇಡ ಅನ್ನುತ್ತಾನೆ. ಓನರ್ ಆಂಟಿ "ಗೇಟ್ ಹತ್ರ ಮಾತ್ರ ಇಡಬೇಡಪ್ಪಾ" ಅನ್ನುತ್ತಾರೆ. ಎದುರು ಮನೆ ತಾತ ಬಾಲ್ಕನಿಯಿಂದ ಎಲ್ಲ ನೋಡುತ್ತಾರೆ, ಏನೂ ಹೇಳುವುದಿಲ್ಲ. ಸಂಜೆ ಚೀಲ ಮೂಲೆ ಸೇರುತ್ತೆ. ಮರುದಿನ ಪೊರಕೆ ಹಿಡಿದ ಗಂಗಮ್ಮನಿಗೆ ಮೇಸ್ತ್ರಿಯ ಬೈಗುಳ, ಇವತ್ತಿನ ಹಾಜರಿ ಹಾಕಲ್ಲ ಅನ್ನುವ ಬೆದರಿಕೆ. ಅಲ್ಲಿಗೆ ನಿಲ್ಲುತ್ತೆ.

ಇದನ್ನು ಬೀದಿಗೆ ತರುವ ಮೊದಲು, ನಾವು ನೋಡಿದ ಬೀದಿಯ ಇಬ್ಬರು ಪೌರಕಾರ್ಮಿಕರಿಗೆ ತೋರಿಸಿದೆವು, ಮಧ್ಯಾಹ್ನ ಅವರ ಕೆಲಸ ಮುಗಿದ ಮೇಲೆ, ಟೀ ಜೊತೆ. ಕಥೆ ಅವರದು, ಹಾಗಾಗಿ ಕತ್ತರಿಯೂ ಅವರ ಕೈಯಲ್ಲಿರಬೇಕು ಅನ್ನುವುದು ನಮ್ಮ ಒಪ್ಪಂದ. ಅವರು ಅದನ್ನು ಧಾರಾಳವಾಗಿ ಬಳಸಿದರು. ಗಂಗಮ್ಮ ಅಳುವ ಒಂದು ದೃಶ್ಯ ಇತ್ತು. "ನಾವ್ ಎಲ್ಲಿ ಅಳ್ತೀವಿ ಮೇಡಂ, ಬೈತೀವಿ. ಮೇಸ್ತ್ರಿ ಅತ್ತ ಹೋದ್ಮೇಲೆ" ಅಂದರು. ಅಳು ಹೋಯಿತು, ಬೈಗುಳ ಬಂತು. ಮುಖಕ್ಕೆ ಬಳಿದ ಮಸಿ ನೋಡಿ, "ಇದ್ಯಾಕೆ? ನಾವ್ ಸ್ನಾನ ಮಾಡ್ಕೊಂಡೇ ಬರ್ತೀವಿ" ಅಂದರು. ಮಸಿಯೂ ಹೋಯಿತು. ಮೂರನೆಯದು ನಗುವ ವಿಷಯ ಆಗಿರಲಿಲ್ಲ. ಹಾಜರಿಯ ಮಾತು ಅದೇ ಬೀದಿಯಲ್ಲಿ ಆಡಿದರೆ, ಯಾರು ಹೇಳಿದ್ದು ಅಂತ ಮೇಸ್ತ್ರಿಗೆ ಒಂದೇ ದಿನಕ್ಕೆ ಗೊತ್ತಾಗುತ್ತೆ. ಹೆಸರು ಬದಲಿಸಿದರೆ ಸಾಲದು. ಒಂದು ಬೀದಿಗೆ ಒಬ್ಬರೋ ಇಬ್ಬರೋ ಗುಡಿಸುವವರು, ಬೀದಿಯೇ ಅವರ ಹೆಸರು. ಹಾಗಾಗಿ ಎರಡು ವಾರ್ಡ್ ಆಚೆ ಆಡಿದೆವು.

ಆಡುವ ಬಗ್ಗೆ ಒಂದೆರಡು ಮಾತು. ಮೈಕ್ ಇಲ್ಲ. ತಮಟೆ ಐದು ನಿಮಿಷ ಬಾರಿಸಿದರೆ ನಲವತ್ತು-ಐವತ್ತು ಜನ ಸೇರುತ್ತಾರೆ. ಬೆನ್ನಿಗೆ ಒಂದು ಗೋಡೆ ಸಿಕ್ಕರೆ ದನಿ ನಿಲ್ಲುತ್ತೆ, ಬಯಲಿನಲ್ಲಿ ಬಸ್ಸಿನ ಹಾರ್ನ್ ಜೊತೆ ಹಾರಿಹೋಗುತ್ತೆ. ಒಂದು ಉಸಿರಿಗೆ ಎರಡು ವಾಕ್ಯಕ್ಕಿಂತ ಹೆಚ್ಚು ಮಾತಿದ್ದರೆ ಹಿಂದಿನ ಸಾಲಿಗೆ ಏನೂ ತಲುಪಲ್ಲ. ಪೊಲೀಸ್ ಠಾಣೆಗೆ, ಬಡಾವಣೆ ಸಂಘಕ್ಕೆ ಮೊದಲೇ ಪತ್ರ ಕೊಟ್ಟಿರಬೇಕು, ಇಲ್ಲದಿದ್ದರೆ ಅರ್ಧ ನಾಟಕ ಅನುಮತಿಯ ಬಗ್ಗೆಯೇ ಆಗುತ್ತೆ.

ಮೊದಲ ಪ್ರದರ್ಶನದಲ್ಲಿ "ನಿಲ್ಲಿ" ಅಂದದ್ದು ಇಪ್ಪತ್ತೈದರ ಆಸುಪಾಸಿನ ಒಬ್ಬ ಹುಡುಗಿ. ಗಂಗಮ್ಮನ ಜಾಗಕ್ಕೆ ಬಂದಳು, ಪೊರಕೆ ಹಿಡಿದು ಮೇಸ್ತ್ರಿಗೆ ಸರಿಯಾಗಿ ದಬಾಯಿಸಿದಳು. "ಹಾಜರಿ ಹಾಕಲ್ಲ ಅನ್ನೋಕೆ ನೀವ್ಯಾರು? ಕಂಪ್ಲೇಂಟ್ ಕೊಡ್ತೀನಿ!" ಜೋರು ಚಪ್ಪಾಳೆ. ಮೇಸ್ತ್ರಿ ಪಾತ್ರದವನಿಗೆ ನಾವು ಹೇಳಿಕೊಟ್ಟದ್ದು ಒಂದೇ: ಸುಮ್ಮಸುಮ್ಮನೆ ಸೋಲಬೇಡ, ನಿಜವಾದ ಮೇಸ್ತ್ರಿ ಏನು ಮಾಡ್ತಾನೋ ಅದನ್ನೇ ಮಾಡು. ಅವನು ತಣ್ಣಗೆ, "ಆಯ್ತು ಕೊಡಮ್ಮಾ. ನಾಳೆಯಿಂದ ಬೇರೆ ಬೀದಿ ನೋಡ್ಕೋ, ನಾಲ್ಕು ಕಿಲೋಮೀಟರ್ ಆಚೆ" ಅಂದ. ಹುಡುಗಿ ಸುಮ್ಮನಾದಳು. ಬದಿಯಲ್ಲಿ ಪೊರಕೆ ಒರಗಿಸಿಕೊಂಡು ನೋಡುತ್ತಿದ್ದ ಆ ಬೀದಿಯ ನಿಜವಾದ ಪೌರಕಾರ್ಮಿಕರೊಬ್ಬರು ಬಾಯಿಗೆ ಸೆರಗು ಹಿಡಿದು ನಕ್ಕರು.

ಆ ಹುಡುಗಿಯದು ಧೈರ್ಯವೇ. ಆದರೆ ಅದು ನಾಳೆಯ ಹಾಜರಿಯ ಚಿಂತೆ ಇಲ್ಲದವರ ಧೈರ್ಯ. ಫೋರಂ ಥಿಯೇಟರಿನ ನಿಯಮದ ಪ್ರಕಾರ ನೋಡುವವರು ಬರಬೇಕಾದದ್ದು ತುಳಿತಕ್ಕೆ ಸಿಕ್ಕ ಪಾತ್ರದ ಜಾಗಕ್ಕೆ. ನೋಡುವವರೂ ಅದೇ ಕಷ್ಟದಲ್ಲಿ ಇರುವವರಾದರೆ ಆ ನಿಯಮ ಸರಿ. ಬಡಾವಣೆಯ ಜನ ಗಂಗಮ್ಮ ಆಗಿ ಗೆಲ್ಲುವುದು ಮಾತ್ರ ಹಳೇ ಕುರ್ತಾದ ಹುಡುಗನ ಭಾಷಣವೇ, ವೇಷ ಬೇರೆ ಅಷ್ಟೆ. ಆದ್ದರಿಂದ ಎರಡನೇ ಪ್ರದರ್ಶನದಿಂದ ಸೂತ್ರಧಾರ ಬೇರೆ ಥರ ಕೇಳತೊಡಗಿದಳು: "ಈ ಕಥೇಲಿ ನೀವು ನಿಜವಾಗ್ಲೂ ಯಾರು? ಆ ಜಾಗಕ್ಕೆ ಬನ್ನಿ." ಬಾಡಿಗೆ ಹುಡುಗ, ಓನರ್ ಆಂಟಿ, ಬಾಲ್ಕನಿಯ ತಾತ. ಇನ್ನೊಂದು ನಿಯಮ ಹಳೆಯದೇ ಇಟ್ಟುಕೊಂಡೆವು: ಪವಾಡ ನಡೆಯುವ ಹಾಗಿಲ್ಲ. ಕೆಟ್ಟವನು ಇದ್ದಕ್ಕಿದ್ದ ಹಾಗೆ ಒಳ್ಳೆಯವನಾದರೆ, ಲಾಟರಿ ಹೊಡೆದರೆ, ಸೂತ್ರಧಾರ "ಇದು ಮ್ಯಾಜಿಕ್ಕಾ?" ಅಂತ ಜನರನ್ನೇ ಕೇಳುತ್ತಾಳೆ.

ಆ ದಿನ ಎಪ್ಪತ್ತರ ಹತ್ತಿರದ ಹಿರಿಯರೊಬ್ಬರು ತಾತನ ಜಾಗಕ್ಕೆ ಬಂದರು. ಬಾಲ್ಕನಿಯಿಂದ ಇಳಿದ ಹಾಗೆ ನಟಿಸಿ, "ಏನಪ್ಪಾ, ನಾನ್ ಮನೇಲೇ ಇರ್ತೀನಿ. ರಾತ್ರಿನೇ ನಿನ್ ಹಸಿ ಕಸದ ಬಕೆಟ್ ನಮ್ ಗೇಟಿನ ಒಳಗಿಡು, ಬೆಳಿಗ್ಗೆ ಆಟೋಗೆ ನಾನ್ ಕೊಡ್ತೀನಿ" ಅಂದರು. ಜನ ತಲೆಯಾಡಿಸಿದರು. ಎಲ್ಲ ಬಗೆಹರಿದ ಹಾಗೆ ಕಂಡಿತು. ಆಗ ಬಾಡಿಗೆ ಹುಡುಗನ ಪಾತ್ರದವನು, ಸ್ಕ್ರಿಪ್ಟಿನಲ್ಲಿ ಇಲ್ಲದ ಮಾತು, "ಸರ್, ಭಾನುವಾರ ನಮ್ಮನೇಲಿ ಮೀನು" ಅಂದ.

ಯಾರೂ ಮಾತಾಡಲಿಲ್ಲ. ಹತ್ತು ಹದಿನೈದು ಸೆಕೆಂಡ್ ಇರಬಹುದು, ಬೀದಿಯಲ್ಲಿ ಅದು ಬಹಳ ಉದ್ದ. ಹೊಸ ಸೂತ್ರಧಾರ ಇಂಥಲ್ಲಿ ಗಾಬರಿಯಾಗಿ ಏನಾದರೂ ಜೋಕ್ ಹೇಳಿ ದಾಟಿಸಿಬಿಡುತ್ತಾರೆ. ನಮ್ಮವಳು ಕಾದಳು. ಮನೆ ಬಾಡಿಗೆಗೆ ಕೊಡುವಾಗ "ನೀವು ವೆಜ್ಜಾ?" ಅಂತ ಕೇಳುವ ನಗರದಲ್ಲಿ ಕಸದ ಬಕೆಟ್ಟಿಗೂ ಜಾತಿ ಇದೆ ಅನ್ನುವುದನ್ನು ಯಾವ ಯಮಧರ್ಮರಾಯನೂ ಹೇಳಿರಲಿಲ್ಲ. ಕೊನೆಗೆ ಆ ಹಿರಿಯರು, ಪಾತ್ರದಲ್ಲೋ ಪಾತ್ರದ ಹೊರಗೋ ಗೊತ್ತಾಗದ ದನಿಯಲ್ಲಿ, "ಮುಚ್ಚಳ ಇರೋ ಬಕೆಟ್ ತಗೊಂಬಾ" ಅಂದರು. ಗುಂಪಿನಿಂದ ಒಬ್ಬ ಹೆಂಗಸು, "ಮನೇಲಿ ಅಜ್ಜೀನ ಕೇಳಿದೀರಾ?" ಅಂತ ಕೂಗಿದರು. ಇನ್ನೊಬ್ಬರು ಅವರಿಗೆ ತಿರುಗಿ ಉತ್ತರ ಕೊಟ್ಟರು. ನಾಟಕ ಮುಗಿದ ಮೇಲೂ ಕಾಲು ಗಂಟೆ ಅವರಿಬ್ಬರೂ ಅಲ್ಲೇ ನಿಂತು ಜಗಳವಾಡಿದರು, ನಮ್ಮ ಕಡೆ ನೋಡದೆ. ನಾಟಕ ನಡೆಯಿತೋ ಇಲ್ಲವೋ ಅನ್ನುವುದಕ್ಕೆ ನಾನು ನಂಬುವ ಗುರುತು ಇದೊಂದೇ. ಚಪ್ಪಾಳೆಯನ್ನು, ಎತ್ತಿ ಹಿಡಿದ ಮೊಬೈಲುಗಳನ್ನು ನಾನು ಲೆಕ್ಕಕ್ಕೆ ಹಿಡಿಯಲ್ಲ.

ಹಾಗಂತ ಎಲ್ಲ ವಿಷಯವನ್ನೂ ಹೀಗೆ ಬೀದಿಗೆ ಎಳೆಯಬಹುದು ಅಂತಲ್ಲ. ಅಪಾರ್ಟ್‌ಮೆಂಟಿನಲ್ಲಿ ಕೆಲಸದವರು ಯಾವ ಲಿಫ್ಟ್ ಹತ್ತಬೇಕು, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಯಾರ ಬೋರ್‌ವೆಲ್ಲಿಂದ ಬರುತ್ತೆ, ಇವು ಈ ದಾರಿಗೆ ಚೆನ್ನಾಗಿ ಒಗ್ಗುತ್ತವೆ, ಯಾಕೆಂದರೆ ಬದಲಾಗಬೇಕಾದವರು ನೋಡುವವರೇ. ಆದರೆ ಮನೆಯೊಳಗಿನ ಹೊಡೆತದ ವಿಷಯ ತಂಡದಲ್ಲಿ ಬಂದಾಗ ನಾನು ಬೇಡ ಅಂದೆ. ಬೋಆಲ್ ಪೆರುವಿನಲ್ಲಿ ಕಂಡ ಒಂದು ಪ್ರಸಂಗ ಹೇಳುತ್ತಾರೆ. ಮೋಸ ಮಾಡಿದ ಗಂಡನ ಕಥೆಯಲ್ಲಿ, ಅವನ ಜೊತೆ ಸ್ಪಷ್ಟವಾಗಿ ಮಾತಾಡಬೇಕು ಅಂತ ಸಲಹೆ ಕೊಟ್ಟ ದಪ್ಪ ಮೈಯ ಹೆಂಗಸೊಬ್ಬಳಿಗೆ ನಟರು ಮಾಡಿದ್ದು ಯಾವುದೂ ಸಾಲದೆ, ತಾನೇ ರಂಗಕ್ಕೆ ಹತ್ತಿ ಪೊರಕೆಯಲ್ಲಿ ಗಂಡನ ಪಾತ್ರದವನಿಗೆ ಬಾರಿಸಿದಳಂತೆ. ಬೋಆಲ್ ಹೊಸ ದಾರಿ ಕಂಡದ್ದೇ ಅವಳಿಂದ. ಸರಿ. ಆದರೆ ನಮ್ಮ ಬೀದಿಯಲ್ಲಿ "ನಿಲ್ಲಿ" ಅಂದು ಮುಂದೆ ಬರುವ ಹೆಂಗಸಿನ ಪಕ್ಕದಲ್ಲೇ ಅವಳ ಗಂಡ ನಿಂತಿರಬಹುದು. ಸಂಜೆ ಬಾಗಿಲು ಹಾಕಿಕೊಂಡ ಮೇಲೆ ನಾವು ಅಲ್ಲಿರುವುದಿಲ್ಲ. ಅಂಥ ವಸ್ತುವಿಗೆ ರಂಗಮಂದಿರವೇ ಸರಿ, ಅಲ್ಲಿ ದೀಪ ಆರಿದ ಕತ್ತಲಲ್ಲಿ ಯಾರ ಮುಖ ಯಾರೂ ನೋಡುವುದಿಲ್ಲ, ಒಬ್ಬಳು ತನ್ನ ಪಾಡಿಗೆ ಅತ್ತು ಎದ್ದು ಹೋಗಬಹುದು. ತಂಡದಲ್ಲಿ ಇಬ್ಬರು ಈಗಲೂ ಇದನ್ನು ಒಪ್ಪಿಲ್ಲ. ಮೌನವಾಗಿ ಇರೋದರ ಬೆಲೆಯನ್ನೂ ಅವಳೇ ತೆರ್ತಾಳಲ್ಲ ಅನ್ನುವುದು ಅವರ ವಾದ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ಕಸದ ನಾಟಕ ಆರು ಬೀದಿ ಸುತ್ತಿದೆ. ಮೊದಲು ಕತ್ತರಿ ಹಾಕಿದ ಇಬ್ಬರಲ್ಲಿ ಒಬ್ಬರು ಹೋದ ವಾರ ಸಿಕ್ಕಿ, "ಅದೇನ್ ಊರೆಲ್ಲಾ ಆಡ್ತಾ ಇದೀರಂತೆ, ನಮ್ ಬೀದೀಲೂ ಆಡಿ" ಅಂದರು. ಹಾಜರಿ ವಿಷಯ ಇದೆಯಲ್ಲಮ್ಮಾ, ನಿಮಗೆ ತೊಂದರೆ ಆಗಲ್ವಾ ಅಂತ ಕೇಳಿದೆ. "ಅದನ್ನ ನಾನ್ ಯೋಚ್ನೆ ಮಾಡ್ತೀನಿ, ನೀವ್ ಯಾಕ್ ಮಾಡ್ತೀರಾ" ಅಂದರು. ಆಮೇಲೆ ಸ್ವಲ್ಪ ತಡೆದು, ಮೇಸ್ತ್ರಿ ರಜಾ ಹಾಕೋ ದಿನ ನೋಡಿ ಹೇಳ್ತೀನಿ ಅಂತ ನನ್ನ ನಂಬರ್ ಬರೆದುಕೊಂಡು ಹೋದರು.